ನಮ್ಮ ಚಿಕಿತ್ಸಾಲಯದ ಪ್ರಶ್ನಾವಳಿ: ಮೂವತ್ತೊಂದರಿಂದ ಏಳಕ್ಕೆ

ಕಳೆದ ಮಹಾಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, "ಕಾರ್ಯದರ್ಶಿಗಳೇ, ಚಿಕಿತ್ಸಾಲಯದ ಬಗ್ಗೆ ಅಭಿಪ್ರಾಯ ಬರೆಯಿರಿ ಎಂದು ಎರಡು ವರ್ಷದಿಂದ ಕಾಗದ ತುಂಬಿಸಿಕೊಳ್ಳುತ್ತಿದ್ದೀರಿ. ಅದರಿಂದ ಒಂದಾದರೂ ಕೆಲಸ ಆಗಿದೆಯೇ?" ಎಂದು ಕೇಳಿದರು. ತಕ್ಕ ಉತ್ತರ ನನ್ನಲ್ಲಿರಲಿಲ್ಲ. ಆ ಕಾಗದ ತಯಾರಿಸಿದವನು ನಾನೇ ಆದ್ದರಿಂದ ಸಂಕೋಚವೂ ಆಯಿತು. ಆಮೇಲೆ ಆದ ಕೆಲಸದ ವಿವರವನ್ನು ಸದಸ್ಯ ಬಾಂಧವರ ಮುಂದಿಡಲು ಇದನ್ನು ಬರೆಯುತ್ತಿದ್ದೇನೆ.

ಹಳೆಯ ಕಾಗದದಲ್ಲಿ ಮೂವತ್ತೊಂದು ಪ್ರಶ್ನೆಗಳಿದ್ದವು. ಎರಡೂ ಮಗ್ಗುಲಿಗೆ ಅಚ್ಚು. ವೈದ್ಯರ ನಡವಳಿಕೆ ಹೇಗಿದೆ, ಶುಚಿತ್ವ ಹೇಗಿದೆ, ಔಷಧಿ ವಿಭಾಗ ಹೇಗಿದೆ, ಎಲ್ಲಕ್ಕೂ ಉತ್ತಮ, ಸಾಧಾರಣ, ಕಳಪೆ ಎಂಬ ಮೂರು ಮನೆಗಳು. ಕಪಾಟಿನಿಂದ ಹಳೆಯ ಕಟ್ಟು ತೆಗೆಸಿ ನೋಡಿದೆ. ಮೊದಲ ಎಂಟು ಹತ್ತು ಪ್ರಶ್ನೆಗಳಿಗೆ ಗುರುತುಗಳು ಬೇರೆ ಬೇರೆ ಮನೆಯಲ್ಲಿವೆ. ಅಲ್ಲಿಂದ ಕೆಳಕ್ಕೆ "ಉತ್ತಮ"ದ ಸಾಲಿನಲ್ಲಿ ಒಂದೇ ಗೆರೆ, ಮೇಲಿನಿಂದ ಕೆಳಗಿನವರೆಗೆ. ಹಿಂದಿನ ಮಗ್ಗುಲು ಎಷ್ಟೋ ಕಾಗದಗಳಲ್ಲಿ ಖಾಲಿ. ಬಸ್ಸಿಗೆ ಹೊರಟವರ ಕೈಗೆ ಮೂವತ್ತೊಂದು ಪ್ರಶ್ನೆ ಕೊಟ್ಟರೆ ಆಗುವುದೇ ಹೀಗೆ. ತಪ್ಪು ಅವರದಲ್ಲ.

ಹೀಗಾಗಿ ಕೆಲವರು ಇನ್ನೊಂದು ತುದಿಗೆ ಹೋಗೋಣ ಎಂದರು: ಒಂದೇ ಪ್ರಶ್ನೆ, ಒಂದು ಡಬ್ಬಿ. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳಲ್ಲಿ 2013ರಲ್ಲಿ ಇಂತಹ ಒಂದು ಪ್ರಶ್ನೆಯನ್ನು ತಂದರು. ಈ ಆಸ್ಪತ್ರೆಯನ್ನು ನಿಮ್ಮ ನೆಂಟರಿಷ್ಟರಿಗೆ ಶಿಫಾರಸು ಮಾಡುತ್ತೀರಾ ಎಂಬುದು ಆ ಪ್ರಶ್ನೆ. 2020ರಲ್ಲಿ ಅದನ್ನು ಬದಲಿಸಿ, ಒಟ್ಟಾರೆ ನಿಮ್ಮ ಅನುಭವ ಹೇಗಿತ್ತು ಎಂದು ಮಾಡಿದರು. ನಮ್ಮಲ್ಲಿ ಶಿಫಾರಸಿನ ಮಾತಿಗೆ ಅರ್ಥವೇ ಇಲ್ಲ. ಇಪ್ಪತ್ತು ಮೈಲಿ ಸುತ್ತಿನಲ್ಲಿ ಬೇರೆ ಡಾಕ್ಟರಿಲ್ಲದ ಕಡೆ ಶಿಫಾರಸು ಮಾಡದೆ ಏನು ಮಾಡುತ್ತಾರೆ? ಒಂದು ತಿಂಗಳು ಡಬ್ಬಿ ಇಟ್ಟು ನೋಡಿದೆವು. ಬಂದ ಚೀಟಿಗಳಲ್ಲಿ ಬಹುಪಾಲು "ಚೆನ್ನಾಗಿದೆ" ಎಂಬ ಒಂದೇ ಪದ. ಕ್ಯೂರಿಂಗ್ ವರ್ಕ್ಸಿನವರು ನಮ್ಮ ಕಾಫಿಗೆ "ಚೆನ್ನಾಗಿದೆ" ಎಂದಷ್ಟೇ ಬರೆದು ಕಳಿಸಿದರೆ ನಾವು ಕಣದಲ್ಲಿ ಏನು ತಿದ್ದಿಕೊಳ್ಳುವುದು? ತೇವಾಂಶ ಎಷ್ಟಿತ್ತು, ಕಪ್ಪು ಬೀಜ ಎಷ್ಟಿತ್ತು ಎಂದರೆ ಮಾತ್ರ ಮುಂದಿನ ವರ್ಷ ಒಣಗಿಸುವ ಕ್ರಮ ಬದಲಾಗುತ್ತದೆ.

ದಾರಿ ತೋರಿದ್ದು ಪಿಕರ್ ಸಂಸ್ಥೆಯವರ ಒಂದು ಪ್ರಶ್ನಾವಳಿ. ಆಸ್ಪತ್ರೆಯಲ್ಲಿ ಮಲಗಿ ಹೋದ ರೋಗಿಗಳಿಗೆಂದು ಇದ್ದ ದೊಡ್ಡ ಪ್ರಶ್ನಾವಳಿಯನ್ನು ಅವರು ಹದಿನೈದು ಪ್ರಶ್ನೆಗೆ ಇಳಿಸಿ 2002ರಲ್ಲಿ ಪ್ರಕಟಿಸಿದರು. ಅದರಲ್ಲಿ "ತೃಪ್ತಿಯಾಯಿತೆ" ಎಂಬ ಮಾತೇ ಇಲ್ಲ. ಇಂಥದ್ದು ನಡೆಯಿತೆ, ಇಲ್ಲವೆ ಎಂದು ಕೇಳುತ್ತಾರೆ. ಮನೆಗೆ ಹೋದ ಮೇಲೆ ಯಾವ ಅಪಾಯದ ಲಕ್ಷಣ ಗಮನಿಸಬೇಕೆಂದು ಯಾರಾದರೂ ಹೇಳಿದರೆ ಎಂಬುದು ಅಲ್ಲಿನ ಒಂದು ಪ್ರಶ್ನೆ. "ಇಲ್ಲ" ಎಂದರೆ ಅದೊಂದು ಕೊರತೆ ಎಂದು ಲೆಕ್ಕ. ಅಭಿಪ್ರಾಯ ಕೇಳಿದರೆ ನಮ್ಮ ಜನ ದಾಕ್ಷಿಣ್ಯಕ್ಕೆ "ಚೆನ್ನಾಗಿದೆ" ಎನ್ನುತ್ತಾರೆ. ನಡೆದದ್ದು ಕೇಳಿದರೆ ನಡೆದದ್ದನ್ನು ಹೇಳುತ್ತಾರೆ.

ಆದರೆ ಆ ಹದಿನೈದನ್ನು ಹಾಗೆಯೇ ಎತ್ತಿಕೊಳ್ಳುವಂತಿರಲಿಲ್ಲ. ನಮ್ಮಲ್ಲಿ ಮಲಗುವ ರೋಗಿಗಳಿಲ್ಲ. ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಕಂಪೌಂಡರ್, ಚೀಟಿ ಬರೆಯುವ ಒಬ್ಬ ಹುಡುಗ, ಇಷ್ಟೇ ಸಿಬ್ಬಂದಿ. ಹೀಗಾಗಿ ನಮ್ಮ ಮೂವತ್ತೊಂದನ್ನೇ ಮುಂದಿಟ್ಟುಕೊಂಡು, ಡಾಕ್ಟರನ್ನೂ ಕೂರಿಸಿಕೊಂಡು, ಒಂದೊಂದರ ಮುಂದೆಯೂ ಒಂದು ಮಾತು ಬರೆಯುತ್ತಾ ಹೋದೆವು: ಉತ್ತರ "ಇಲ್ಲ" ಎಂದು ಬಂದರೆ ಸೋಮವಾರ ಬೆಳಿಗ್ಗೆ ಯಾರು ಏನು ಮಾಡಬೇಕು? ಹೆಸರು ಬರೆಯಲಾಗದ ಪ್ರಶ್ನೆಗಳನ್ನೆಲ್ಲ ಹೊಡೆದು ಹಾಕಿದೆವು. ಹನ್ನೆರಡು ಹೋದವು.

ಇನ್ನು ಕೆಲವು ರೋಗಿಯನ್ನು ಕೇಳಬೇಕಾದ ಪ್ರಶ್ನೆಗಳೇ ಅಲ್ಲ. ಶೌಚಾಲಯ ಶುಚಿಯಾಗಿದೆಯೇ ಎಂಬುದನ್ನು ಕಾರ್ಯದರ್ಶಿ ಹೋಗಿ ನೋಡಬೇಕು. ಎಷ್ಟು ಹೊತ್ತು ಕಾದಿರಿ ಎಂಬುದೂ ಹಾಗೆಯೇ. ಜ್ವರ ಬಂದ ಮಗುವನ್ನು ತೊಡೆಯ ಮೇಲಿಟ್ಟುಕೊಂಡವರಿಗೆ ಅರ್ಧ ಗಂಟೆಯೂ ಎರಡು ಗಂಟೆಯಾಗುತ್ತದೆ. ಟೋಕನ್ ಮೇಲೆ ಕೊಟ್ಟ ಸಮಯವನ್ನು ಹುಡುಗ ಬರೆಯುತ್ತಾನೆ, ಒಳಗೆ ಹೋದಾಗ ನರ್ಸು ಬರೆಯುತ್ತಾರೆ. ಕಾದ ಹೊತ್ತು ಯಾರನ್ನೂ ಕೇಳದೆ ಸಿಗುತ್ತದೆ.

ಕೊನೆಗೆ ಉಳಿದದ್ದು ಇವು:

1. ಇವತ್ತು ಬಂದದ್ದು ಹೊಸ ತೊಂದರೆಗೋ, ಹಳೆಯ ಕಾಯಿಲೆಯ ಗುಳಿಗೆಗೋ?
2. ಹೇಳಬೇಕೆಂದುಕೊಂಡು ಬಂದದ್ದನ್ನು ಡಾಕ್ಟರಿಗೆ ಪೂರ್ತಿ ಹೇಳಲಿಕ್ಕಾಯಿತೆ?
3. ನೀವು ಡಾಕ್ಟರಿಗೆ ಹೇಳಿದ್ದು ಹೊರಗಿನ ಬೆಂಚಿನವರಿಗೆ ಕೇಳಿಸುವಂತಿತ್ತೆ?
4. ಯಾವ ಗುಳಿಗೆ ಯಾವ ಹೊತ್ತಿಗೆ ಎಂದು ಮನೆಗೆ ಹೋದ ಮೇಲೂ ಗೊತ್ತಿತ್ತೆ?
5. ಬರೆದುಕೊಟ್ಟ ಔಷಧಿಯೆಲ್ಲ ಇಲ್ಲೇ ಸಿಕ್ಕಿತೆ? ಸಿಗದಿದ್ದರೆ ಯಾವುದು?
6. ಏನಾದರೆ ಕೂಡಲೇ ವಾಪಸು ಬರಬೇಕೆಂದು ಯಾರಾದರೂ ಹೇಳಿದರೆ?
7. ಈ ಸಲ ತೊಡಕಾದದ್ದು ಏನಾದರೂ ಇದ್ದರೆ ಯಾವುದು? ಒಂದು ಹೇಳಿ.

ಎರಡರಿಂದ ಆರರವರೆಗೆ ಹೌದು, ಅರ್ಧ, ಇಲ್ಲ ಎಂಬ ಮೂರೇ ಉತ್ತರ. ಏಳನೆಯದಕ್ಕೆ ಎರಡು ಸಾಲು ಜಾಗ. "ನಿಮ್ಮ ಸಲಹೆಗಳು" ಎಂದು ಬರೆದಿದ್ದಾಗ ಆ ಜಾಗ ಖಾಲಿಯೇ ಇರುತ್ತಿತ್ತು. ಒಂದು ತೊಡಕು ಹೇಳಿ ಎಂದ ಮೇಲೆ ತುಂಬತೊಡಗಿತು.

ಅಚ್ಚಿಗೆ ಕೊಡುವ ಮೊದಲು ಆರು ಜನರ ಮುಂದೆ ಓದಿ, "ಇದರಲ್ಲಿ ಏನು ಕೇಳಿದಂತಾಯಿತು, ನಿಮ್ಮ ಮಾತಿನಲ್ಲಿ ಹೇಳಿ" ಎಂದೆವು. ಆಗ ನಮ್ಮ ಜಾಣತನವೆಲ್ಲ ಇಳಿಯಿತು. ಮೂರನೆಯ ಪ್ರಶ್ನೆಯಲ್ಲಿ ಮೊದಲು "ಗೌಪ್ಯತೆ ಕಾಪಾಡಲಾಯಿತೆ" ಎಂದು ಬರೆದಿದ್ದೆ. ನಮ್ಮ ಪಕ್ಕದ ತೋಟದ ಹೆಂಗಸೊಬ್ಬರು, "ಅಯ್ಯ, ಡಾಕ್ಟರು ನಮ್ಮ ಗುಟ್ಟು ಊರಿಗೆ ಹೇಳಿದರಾ ಅಂತ ಕೇಳ್ತೀರಾ? ಪಾಪ, ಅವರು ಹಾಗಲ್ಲ" ಎಂದರು. ಬೆಂಚು ಬಾಗಿಲಿಗೆ ಅಂಟಿಕೊಂಡಿರುವುದು ನಾನು ಕೇಳಬೇಕೆಂದಿದ್ದ ವಿಷಯ. ನಾಲ್ಕನೆಯದೂ ಮೊದಲು "ವೈದ್ಯರು ಮತ್ತು ಸಿಬ್ಬಂದಿ ಔಷಧಿಯ ವಿವರ ನೀಡಿದರೆ" ಎಂದಿತ್ತು. ಡಾಕ್ಟರು ಹೇಳಿದರು, ಕಂಪೌಂಡರ್ ಹೇಳಲಿಲ್ಲ ಎಂದಾದರೆ ಯಾವ ಮನೆಗೆ ಗುರುತು ಹಾಕುವುದು? ಒಂದು ಪ್ರಶ್ನೆಯಲ್ಲಿ "ಮತ್ತು" ಬಂತೆಂದರೆ ಅದು ಎರಡು ಪ್ರಶ್ನೆ ಎಂದು ತಿಳಿಯಬೇಕು.

ಯಾರು ಕೇಳುವುದು ಎಂಬುದರ ಮೇಲೂ ಉತ್ತರ ನಿಂತಿದೆ. ನರ್ಸು ಕೇಳಿದರೆ ದೂರು ಬರುವುದಿಲ್ಲ. ತೋಟದ ಆಳು, ಸಾಹುಕಾರರು ಪಕ್ಕದಲ್ಲಿ ನಿಂತಿರುವಾಗ ಬಾಯಿ ಬಿಡುವುದಿಲ್ಲ. ಅಸ್ಸಾಂ, ಜಾರ್ಖಂಡಿನ ಕಡೆಯಿಂದ ಬಂದವರಿಗೆ ಕನ್ನಡದ ಕಾಗದ ಕೊಟ್ಟು ಪ್ರಯೋಜನವಿಲ್ಲ. ಸಂಘದ ಕಚೇರಿಯ ಗುಮಾಸ್ತೆ, ಹಿಂದಿಯೂ ಬಲ್ಲವರು, ಬಂದು ಹೋದ ಎರಡು ಮೂರು ದಿನದೊಳಗೆ ಫೋನ್ ಮಾಡಿ ಬಾಯಿಮಾತಿನಲ್ಲಿ ಕೇಳುತ್ತಾರೆ. ನಾಲ್ಕು ನಿಮಿಷದ ಕೆಲಸ. ಬಾಗಿಲಲ್ಲೇ ಕೇಳಿದ್ದರೆ ಗುಳಿಗೆಯ ಪ್ರಶ್ನೆಗೆ ಎಲ್ಲರೂ "ಗೊತ್ತು" ಎಂದೇ ಹೇಳುತ್ತಿದ್ದರು. ಗೊಂದಲ ಶುರುವಾಗುವುದು ರಾತ್ರಿ ಊಟವಾದ ಮೇಲೆ. ಚೀಟಿಯಲ್ಲಿ ಹೆಸರು, ಊರು, ವಯಸ್ಸು ಬರೆದುಕೊಳ್ಳುವುದಿಲ್ಲ. ದಿನಕ್ಕೆ ಇಪ್ಪತ್ತು ಜನ ಬರುವ ಕಡೆ, ಅರವತ್ತು ವರ್ಷದ ಹೆಂಗಸು, ಇಂಥ ಊರು ಎಂದರೆ ಹೆಸರೇ ಬರೆದಂತೆ.

ಮೊದಲ ಸುತ್ತಿನಲ್ಲಿ 58 ಜನ ಉತ್ತರಿಸಿದರು. ಎರಡು, ಮೂರು, ಆರನೆಯ ಪ್ರಶ್ನೆಗಳಲ್ಲಿ ಸಣ್ಣ ಪುಟ್ಟ ಕೊರತೆ. ಬೆಂಚನ್ನು ಜಗಲಿಯ ಆ ಕಡೆಗೆ ಸರಿಸಿದೆವು, ಖರ್ಚಿಲ್ಲ. ನಾಲ್ಕನೆಯದರಲ್ಲಿ ಮಾತ್ರ 21 ಜನ ಅರ್ಧ ಅಥವಾ ಇಲ್ಲ ಎಂದಿದ್ದರು. ಮೊದಲ ಪ್ರಶ್ನೆಯೊಡನೆ ಸೇರಿಸಿ ನೋಡಿದಾಗ ಅವರಲ್ಲಿ 17 ಜನ ಹಳೆಯ ಕಾಯಿಲೆಯವರು, ಅಂದರೆ ಬಿ.ಪಿ., ಸಕ್ಕರೆಯ ಗುಳಿಗೆಗೆ ತಿಂಗಳು ತಿಂಗಳು ಬರುವವರು. ಹೊಸಬರಿಗೆ ಗೊಂದಲ ಹೆಚ್ಚು ಎಂದು ನಾವು ಎಣಿಸಿದ್ದೆವು. ಮೊದಲ ಪ್ರಶ್ನೆ ಇಲ್ಲದಿದ್ದರೆ ಆ ತಪ್ಪು ಎಣಿಕೆಯ ಮೇಲೆಯೇ ಕೆಲಸ ಮಾಡುತ್ತಿದ್ದೆವು.

ಏಳನೆಯ ಪ್ರಶ್ನೆಯ ಉತ್ತರಗಳು ಕಾರಣ ಹೇಳಿದವು. "ಎರಡೂ ಬಿಳಿ ಗುಳಿಗೆ." "ಹೋದ ತಿಂಗಳು ಹಳದಿ ಇತ್ತು, ಈಗ ಬಿಳಿ, ಬದಲಾಯಿಸಿದರೋ ಏನೋ ಎಂದು ತಿನ್ನಲಿಲ್ಲ." ಔಷಧಿ ಒಂದೇ, ತಯಾರಕರು ಬೇರೆಯಾದಾಗ ಬಣ್ಣ ಬೇರೆ. ಅದನ್ನು ಯಾರೂ ಹೇಳಿರಲಿಲ್ಲ. ಜೊತೆಗೆ ಕಂಪೌಂಡರ್ ಪಟ್ಟಿಯನ್ನು ಕತ್ತರಿಯಿಂದ ತುಂಡು ಮಾಡಿ ಕೊಡುವಾಗ ಹೆಸರಿದ್ದ ಭಾಗ ಇಲ್ಲೇ ಉಳಿಯುತ್ತಿತ್ತು. ಲಕೋಟೆಯ ಮೇಲೆ 1-0-1 ಎಂದು ಬರೆದದ್ದು ಓದು ಬಾರದವರಿಗೆ ಕಾಗೆ ಕಾಲು ಗುಬ್ಬಿ ಕಾಲು.

ಮಾಡಿದ್ದು ಮೂರು ಕೆಲಸ. ಲಕೋಟೆಯ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಎಂದು ಮೂರು ಚಿತ್ರ ಅಚ್ಚು ಹಾಕಿಸಿ, ಎಷ್ಟು ಗುಳಿಗೆಯೋ ಅಷ್ಟು ಗೆರೆ ಎಳೆಯುವುದು. ಒಂದು ಲಕೋಟೆಗೆ ಒಂದೇ ಔಷಧಿ, ಬಣ್ಣ ಬದಲಾದರೆ ಬಾಯಿಬಿಟ್ಟು ಹೇಳುವುದು. ಕೊನೆಯಲ್ಲಿ, "ಮನೆಯಲ್ಲಿ ಹೇಗೆ ತಗೊಳ್ತೀರಿ, ಒಮ್ಮೆ ಹೇಳಿ ನೋಡೋಣ" ಎಂದು ಅವರಿಂದಲೇ ಹೇಳಿಸುವುದು. "ಗೊತ್ತಾಯ್ತಾ" ಎಂದು ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ. ಎರಡನೆಯ ಸುತ್ತಿನಲ್ಲಿ 55 ಜನರಲ್ಲಿ 8 ಮಂದಿ ಮಾತ್ರ ಅರ್ಧ ಅಥವಾ ಇಲ್ಲ ಎಂದರು.

ಇದನ್ನು ಶೇಕಡಾ ಲೆಕ್ಕದಲ್ಲಿ ವರದಿಗೆ ಹಾಕಬೇಕೆಂದು ನಿರ್ದೇಶಕರೊಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಐವತ್ತು ಅರವತ್ತು ಚೀಟಿಯಲ್ಲಿ ಮೂರು ನಾಲ್ಕು ಜನರ ಏರಿಳಿತಕ್ಕೆ ಅರ್ಥವಿಲ್ಲ, ಯಾರು ಫೋನ್ ಎತ್ತಿದರು ಎಂಬುದರ ಮೇಲೆಯೇ ಅಷ್ಟು ವ್ಯತ್ಯಾಸ ಬರುತ್ತದೆ. 21ರಿಂದ 8ಕ್ಕೆ ಇಳಿದದ್ದು ನಂಬುವಂತಹದು. ಆದರೂ ನಾವು ಎಣಿಸುತ್ತಿರುವುದು ಕಂಪೌಂಡರಿಗೆ ಗೊತ್ತಿತ್ತು, ಆದ್ದರಿಂದ ಆರು ತಿಂಗಳ ನಂತರ ಇನ್ನೊಮ್ಮೆ ನೋಡಬೇಕು.

ಈ ಏಳು ಪ್ರಶ್ನೆಗಳ ದೊಡ್ಡ ಕೊರತೆ ಗೊತ್ತಾದದ್ದು ಟೋಕನ್ ಪುಸ್ತಕದಿಂದ. ಒಂದು ವಾರದಲ್ಲಿ ಕೊಟ್ಟ ಟೋಕನ್ 112, ಡಾಕ್ಟರ ರಿಜಿಸ್ಟರಿನಲ್ಲಿರುವ ಹೆಸರು 101. ಉಳಿದ ಹನ್ನೊಂದು ಜನ ಕಾದು, ಡಾಕ್ಟರನ್ನು ನೋಡದೆ ಹೋದವರು. ನಾವು ಫೋನ್ ಮಾಡುವುದು ಔಷಧಿ ಪಡೆದವರಿಗೆ, ಆದ್ದರಿಂದ ಅವರ ಮಾತು ಯಾವ ಚೀಟಿಯಲ್ಲೂ ಬರುವುದಿಲ್ಲ. ಅತಿ ಹೆಚ್ಚು ತೊಂದರೆಪಟ್ಟವರು ಲೆಕ್ಕದಿಂದಲೇ ಹೊರಗೆ. ಟೋಕನ್ ಕೊಡುವಾಗಲೇ ಫೋನ್ ನಂಬರ್ ಬರೆದುಕೊಳ್ಳಲು ಶುರು ಮಾಡಿ, ಹಾಗೆ ಹೋದವರನ್ನು ಒಂದೇ ಪ್ರಶ್ನೆ ಕೇಳಿದೆವು: ಯಾಕೆ ಹೋದಿರಿ? ಹೆಚ್ಚಿನವರ ಉತ್ತರ ಒಂದೇ. ಮಧ್ಯಾಹ್ನದ ಬಸ್ಸು ತಪ್ಪಿದರೆ ಮತ್ತೆ ಸಂಜೆಗೇ.

ಮಧ್ಯಾಹ್ನದ ಬಸ್ಸಿನವರಿಗೆ ಬೇರೆ ಬಣ್ಣದ ಟೋಕನ್ ಕೊಟ್ಟು ಮೊದಲು ಕಳಿಸುವ ಯೋಚನೆ ಇದೆ. ಹತ್ತಿರದ ಊರಿನವರು ಇದಕ್ಕೆ ಒಪ್ಪುವರೋ ಇಲ್ಲವೋ ಎಂಬುದು ಈಗ ಆಡಳಿತ ಮಂಡಲಿಯ ಮುಂದಿರುವ ವಿಷಯ. ಅಡಿಕೆ ಕೊಯ್ಲಿಗೆ ಮುಂಚಿನ ಸಭೆಯಲ್ಲಿ ತೀರ್ಮಾನವಾಗುತ್ತದೆ, ಇದೇ ಪತ್ರಿಕೆಯಲ್ಲಿ ತಿಳಿಸುತ್ತೇನೆ. ಪ್ರಶ್ನಾವಳಿಯ ಪ್ರತಿ ಬೇಕಾದ ಇತರ ಸಂಘದವರು ಕಚೇರಿಯ ವೇಳೆಯಲ್ಲಿ ಬಂದು ಪಡೆಯಬಹುದು.