ಬಾಗಿಲಿಗೆ ಬಂದ ಪಾರ್ಸಲ್: ಹಣ ಯಾರ ಖಾತೆಗೆ?

ಶಿವಮೊಗ್ಗದಲ್ಲಿರುವ ನಮ್ಮಕ್ಕ ಕಳೆದ ತಿಂಗಳು ಆನ್‌ಲೈನಿನಲ್ಲಿ ಒಂದು ಕುಕ್ಕರ್ ತರಿಸಿದಳು. ಬೆಲೆ 1,249 ರೂಪಾಯಿ. ಆರ್ಡರ್ ಮಾಡುವಾಗ ಕ್ಯಾಶ್ ಆನ್ ಡೆಲಿವರಿ ಎಂದು ಒತ್ತಿದ್ದಳು. ಪಾರ್ಸಲ್ ಬಂದ ದಿನ ಮನೆಯಲ್ಲಿದ್ದದ್ದು ಎರಡೇ ಐನೂರರ ನೋಟು. "ಪರವಾಗಿಲ್ಲ ಅಕ್ಕಾ, ಸ್ಕ್ಯಾನ್ ಮಾಡಿ" ಎಂದು ಡೆಲಿವರಿ ಹುಡುಗ ತನ್ನ ಮೊಬೈಲ್ ಮುಂದೆ ಹಿಡಿದ. ಅಕ್ಕ ಸ್ಕ್ಯಾನ್ ಮಾಡಿ ಪಿನ್ ಒತ್ತಿದಳು. ಹಣ ಕಡಿತವಾಯಿತೆಂದು ಬ್ಯಾಂಕಿನ ಮೆಸೇಜೂ ಬಂತು. ಆದರೆ ಹುಡುಗನ ಫೋನಿನಲ್ಲಿ ಹಣ ಬಂದ ಗುರುತೇ ಇಲ್ಲ. "ಇನ್ನೊಂದ್ಸಲ ಮಾಡಿ ನೋಡ್ತೀರಾ?" ಎಂದು ಅವನು ಕೇಳಿದಾಗ ಅಕ್ಕ ಗಾಬರಿಯಾಗಿ ನನಗೆ ಫೋನ್ ಮಾಡಿದಳು.

ಅವಳಿಗೆ ನಾನು ಹೇಳಿದ್ದನ್ನು ಆಮೇಲೆ ಹೇಳುತ್ತೇನೆ. ಅದು ಅರ್ಥವಾಗಬೇಕಾದರೆ ಎರಡು ಬಗೆಯ ಆರ್ಡರಿನಲ್ಲಿ ನಮ್ಮ ಹಣ ಯಾವ ಹೊತ್ತಿಗೆ ಎಲ್ಲಿರುತ್ತದೆ ಎಂಬುದು ಮೊದಲು ಗೊತ್ತಿರಬೇಕು.

ಆರ್ಡರ್ ಮಾಡುವಾಗಲೇ ಹಣ ಕಟ್ಟಿದರೆ ಅದು ಪ್ರೀಪೇಯ್ಡ್. ಈ ಹಣ ನೇರವಾಗಿ ಮಾರುವವನ ಜೇಬಿಗೆ ಹೋಗುವುದಿಲ್ಲ. ನಡುವೆ ಪಾವತಿ ಸಂಸ್ಥೆಯೊಂದು ಇರುತ್ತದೆ. ರಿಸರ್ವ್ ಬ್ಯಾಂಕ್ ನಿಯಮದಂತೆ ಅದು ಈ ಹಣವನ್ನು ಬ್ಯಾಂಕಿನ ಪ್ರತ್ಯೇಕ ಎಸ್ಕ್ರೋ ಖಾತೆಯಲ್ಲಿಟ್ಟು, ಅಲ್ಲಿಂದ ವ್ಯಾಪಾರಿಗೆ ಸಲ್ಲಿಸುತ್ತದೆ. ಆರ್ಡರ್ ರದ್ದಾದರೆ ಹಣ ಸಾಮಾನ್ಯವಾಗಿ ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಕಾರ್ಡಿನಿಂದ ಕಟ್ಟಿದ್ದರೆ ಕಾರ್ಡಿಗೆ, ಯುಪಿಐಯಿಂದ ಕಟ್ಟಿದ್ದರೆ ಅದೇ ಬ್ಯಾಂಕ್ ಖಾತೆಗೆ. ನಾವು ಖಾತೆ ಸಂಖ್ಯೆ ಕೊಡುವ ಅಗತ್ಯ ಬೀಳುವುದಿಲ್ಲ.

ಕ್ಯಾಶ್ ಆನ್ ಡೆಲಿವರಿಯಲ್ಲಿ ಪಾರ್ಸಲ್ ಬಾಗಿಲಿಗೆ ಬರುವವರೆಗೂ ಹಣ ನಮ್ಮ ಹತ್ತಿರವೇ ಇರುತ್ತದೆ. ನಮಗಿದು ಹೊಸದೇನಲ್ಲ. ಪ್ರಕಾಶಕರಿಗೆ ಒಂದು ಕಾರ್ಡು ಬರೆದು ಹಾಕಿ, ಪೋಸ್ಟ್‌ಮ್ಯಾನ್ ಕೈಗೆ ಹಣ ಕೊಟ್ಟು ವಿ.ಪಿ.ಪಿ.ಯಲ್ಲಿ ಪುಸ್ತಕ ಬಿಡಿಸಿಕೊಂಡವರು ಈ ಪತ್ರಿಕೆಯ ಓದುಗರಲ್ಲೇ ಅನೇಕರಿದ್ದಾರೆ. ಅದೇ ಪದ್ಧತಿಯನ್ನು ಫ್ಲಿಪ್‌ಕಾರ್ಟ್ 2010ರಲ್ಲಿ ಆನ್‌ಲೈನ್ ವ್ಯಾಪಾರಕ್ಕೆ ತಂದಿತು. ಕಾರ್ಡ್ ಇಲ್ಲದವರೂ ಕಾರ್ಡ್ ಬಳಸಲು ಅಂಜುವವರೂ ಆನ್‌ಲೈನಿನಲ್ಲಿ ಕೊಳ್ಳಲು ಶುರುಮಾಡಿದ್ದು ಇದರಿಂದ.

ಇಲ್ಲಿ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಕ್ಯಾಶ್ ಆನ್ ಡೆಲಿವರಿ ಎಂದರೆ ವಸ್ತು ನೋಡಿ ಹಣ ಕೊಡುವುದು ಎಂದು ಹಲವರು ನಂಬಿದ್ದಾರೆ. ಹಾಗಿಲ್ಲ. ಹಣ ಕೊಟ್ಟ ಮೇಲೆಯೇ ಪಾರ್ಸಲ್ ನಮ್ಮ ಕೈಗೆ, ಬಿಚ್ಚುವುದು ಅದರ ನಂತರ. ಏಜೆಂಟ್ ಎದುರೇ ಬಿಚ್ಚಿ ನೋಡುವ ಓಪನ್ ಬಾಕ್ಸ್ ಡೆಲಿವರಿ ಬೇರೆಯದೇ ಸೌಲಭ್ಯ, ಕೆಲವು ವಸ್ತುಗಳಿಗೆ ಮಾತ್ರ ಸಿಗುತ್ತದೆ. ಕ್ಯಾಶ್ ಆನ್ ಡೆಲಿವರಿಯಿಂದ ನಿಜವಾಗಿ ಸಿಗುವ ರಕ್ಷಣೆ ಇಷ್ಟೇ: ಪಾರ್ಸಲ್ ಬರಲೇ ಇಲ್ಲವೆಂದರೆ, ಅಥವಾ ಬಾಗಿಲಲ್ಲೇ ಬೇಡವೆಂದರೆ, ವಾಪಸು ಕೇಳಬೇಕಾದ ಹಣವೇ ಇರುವುದಿಲ್ಲ. ಒಳಗೆ ಕುಕ್ಕರ್ ಬದಲು ಇಟ್ಟಿಗೆ ಬಂದರೆ ಎರಡೂ ಬಗೆಯವರ ಪಾಡು ಒಂದೇ. ಹಾಗೆ ನೋಡಿದರೆ ನೋಟು ಕೊಟ್ಟವರಿಗೇ ಕಷ್ಟ ಹೆಚ್ಚು, ಏಕೆಂದರೆ ನೋಟು ಬಂದ ದಾರಿಯಲ್ಲಿ ಹಿಂದಿರುಗಲಾರದು. ಮರುಪಾವತಿಗೆ ಖಾತೆಯ ವಿವರವನ್ನು ಹೊಸದಾಗಿ ಕೊಡಬೇಕು.

ನೋಟಿನ ದಾರಿ ಏಜೆಂಟನಿಗೂ ಸುಲಭದ್ದಲ್ಲ. ದಿನವಿಡೀ ಸಂಗ್ರಹವಾದ ಹಣವನ್ನು ಅವನು ಹಬ್ಬಿಗೆ ಲೆಕ್ಕ ಹಾಕಿ ಕಟ್ಟಬೇಕು. ಆ್ಯಪಿನಲ್ಲಿ ಅವನ ಹೆಸರಿನ ಮುಂದೆ ಅಷ್ಟು ಬಾಕಿ ತೋರಿಸುತ್ತಿರುತ್ತದೆ. ಚಿಲ್ಲರೆ ಹೆಚ್ಚು ಕಡಿಮೆಯಾಗಿ ಕೊರತೆ ಬಿದ್ದರೆ ತುಂಬಿಕೊಡುವ ಹೊಣೆ ಅವನ ಮೇಲೆ ಬೀಳುತ್ತದೆ. ಆ ಹಣ ಕೊರಿಯರ್ ಕಂಪನಿಯ ಮೂಲಕ ಮಾರಾಟಗಾರನನ್ನು ತಲುಪುವಾಗ ದಿನಗಳೇ ಕಳೆದಿರುತ್ತವೆ. ಗ್ರಾಹಕರು ಬೇಡವೆಂದು ಕಳಿಸಿದರೆ ಹೋಗುವ ಬರುವ ಎರಡೂ ಸಾಗಣೆಯ ಖರ್ಚು ಮೈಮೇಲೆ ಬರುತ್ತದೆ. ಮೊದಲೇ ಕಟ್ಟಿದರೆ ಸ್ವಲ್ಪ ರಿಯಾಯಿತಿ, ಬಾಗಿಲಲ್ಲಿ ಕಟ್ಟಿದರೆ ಸ್ವಲ್ಪ ಶುಲ್ಕ ಎಂದು ಹಲವು ಅಂಗಡಿಗಳು ಇಡುವುದು ಈ ಕಾರಣಕ್ಕೆ.

ಬಾಗಿಲಲ್ಲಿ ಸ್ಕ್ಯಾನ್ ಮಾಡುವುದು ಈ ಎರಡರ ನಡುವಿನ ದಾರಿ. ಆರ್ಡರ್ ಕ್ಯಾಶ್ ಆನ್ ಡೆಲಿವರಿಯದೇ, ಹಣ ಮಾತ್ರ ಏಜೆಂಟನ ಕೈ ಮುಟ್ಟದೆ ನೇರ ಕಂಪನಿಯ ಖಾತೆಗೆ ಹೋಗುತ್ತದೆ. ಏಜೆಂಟ್ ತನ್ನ ಕೆಲಸದ ಆ್ಯಪಿನಲ್ಲಿ ನಮ್ಮ ಪಾರ್ಸಲ್ ತೆರೆದು ಕ್ಯೂಆರ್ ಕೋಡ್ ಎಂದು ಒತ್ತಿದಾಗ, ಆ ಪಾರ್ಸಲಿಗೆಂದೇ ಒಂದು ಹೊಸ ಕೋಡ್ ಹುಟ್ಟುತ್ತದೆ. ಕಪ್ಪು ಬಿಳಿ ಚೌಕಗಳೊಳಗೆ ಇರುವುದು ಇಂಥ ಒಂದು ಸಾಲು (ಇದು ಮಾದರಿ ಮಾತ್ರ):

```
upi://pay?pa=shop@bank&pn=Shop&am=1249.00&cu=INR&tr=ORD4471
```

ಇದರಲ್ಲಿ `pa` ಎಂದರೆ ಹಣ ಹೋಗಬೇಕಾದ ಯುಪಿಐ ವಿಳಾಸ, `pn` ಪಡೆಯುವವರ ಹೆಸರು, `am` ಮೊತ್ತ. ಕೊನೆಯ `tr` ಬಹಳ ಮುಖ್ಯ. ಹಣ ಯಾವ ಪಾರ್ಸಲಿನದು ಎಂದು ಹೇಳುವ ಗುರುತು ಅದು. ಹಣ ಬಿದ್ದ ಕೂಡಲೇ ಕಂಪನಿಯ ಸರ್ವರಿಗೆ ಸುದ್ದಿ ಹೋಗುತ್ತದೆ, ಸರ್ವರ್ ಈ ಗುರುತನ್ನು ತಾಳೆ ನೋಡಿ ಏಜೆಂಟನ ಆ್ಯಪಿಗೆ 'ಪಾವತಿಯಾಯಿತು' ಎಂದು ತಿಳಿಸುತ್ತದೆ. ಅವನ ಬಾಕಿಯಲ್ಲಿ ಈ ಮೊತ್ತ ಸೇರುವುದಿಲ್ಲ. ಕಿರಾಣಿ ಅಂಗಡಿಯ ಗಲ್ಲಾಪೆಟ್ಟಿಗೆ ಮೇಲೆ ಅಂಟಿಸಿದ ಕೋಡಿನಲ್ಲಿ ಮೊತ್ತವೂ ಇಲ್ಲ, ಈ ಗುರುತೂ ಇಲ್ಲ. ಎಷ್ಟು ಎಂದು ನಾವೇ ಒತ್ತುತ್ತೇವೆ.

ಇದು ತಿಳಿದರೆ ಪರೀಕ್ಷೆ ಸುಲಭ. ಸ್ಕ್ಯಾನ್ ಮಾಡಿದಾಗ 1,249 ಎಂದು ತಾನಾಗಿಯೇ ಮೂಡಬೇಕು, ಹೆಸರಿನ ಜಾಗದಲ್ಲಿ ಕಂಪನಿಯದೋ ಅದರ ಪಾವತಿ ಸಂಸ್ಥೆಯದೋ ಹೆಸರು ಬರಬೇಕು. ಮೊತ್ತದ ಜಾಗ ಖಾಲಿಯಿದ್ದು ಒಬ್ಬ ವ್ಯಕ್ತಿಯ ಹೆಸರು ಬಂದರೆ ಅದು ಏಜೆಂಟನ ಸ್ವಂತ ಕೋಡ್. ಹೀಗೆ ಮಾಡುವವರೆಲ್ಲ ಮೋಸಗಾರರಲ್ಲ. ನೆಟ್‌ವರ್ಕ್ ಸಿಗದೆ ಹೊಸ ಕೋಡ್ ಹುಟ್ಟದಿದ್ದಾಗ, ಹಣ ತಾನು ಪಡೆದು ಸಂಜೆ ನೋಟಾಗಿ ಕಟ್ಟುತ್ತೇನೆಂದು ಪಾಪ ಅವನು ದಾರಿ ಹುಡುಕಿರುತ್ತಾನೆ. ಆದರೂ ಒಪ್ಪಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕಂಪನಿಯ ಲೆಕ್ಕದಲ್ಲಿ ಆ ಹಣ ಬಂದೇ ಇರುವುದಿಲ್ಲ. ನಾಳೆ ತಕರಾರು ಎದ್ದರೆ ನಿಮ್ಮ ಬಳಿ ಇರುವ ಪುರಾವೆ ಅಪರಿಚಿತನೊಬ್ಬನಿಗೆ ಹಣ ಕಳಿಸಿದ್ದಕ್ಕೆ ಮಾತ್ರ. ಅಂಥ ಹೊತ್ತಿನಲ್ಲಿ ನೋಟು ಕೊಡಿ, ಇಲ್ಲವೇ ಕಂಪನಿಯ ಮೆಸೇಜಿನಲ್ಲಿ ಪಾವತಿಯ ಲಿಂಕ್ ಬಂದಿದ್ದರೆ ಅದರಿಂದ ಕಟ್ಟಿ, ಇಲ್ಲವೇ ನಾಳೆ ಬರಲು ಹೇಳಿ.

ಈಗ ಅಕ್ಕನ ವಿಷಯ. "ಮತ್ತೆ ಸ್ಕ್ಯಾನ್ ಮಾಡಬೇಡ, ಮೊದಲು ನಿನ್ನ ಆ್ಯಪಿನ ಹಿಸ್ಟರಿ ತೆಗೆದು ನೋಡು" ಎಂದೆ. ಅಲ್ಲಿ 'ಪೆಂಡಿಂಗ್' ಎಂದಿತ್ತು. ಅಂದರೆ ಹಣ ಅವಳ ಬ್ಯಾಂಕಿನಿಂದ ಹೊರಟಿದೆ, ಆ ಕಡೆ ತಲುಪಿದ ಉತ್ತರ ಬಂದಿಲ್ಲ. ಈ ಸ್ಥಿತಿಯಲ್ಲಿ ಇನ್ನೊಮ್ಮೆ ಕಟ್ಟಿದರೆ ಎರಡೂ ಪಾವತಿ ಗೆದ್ದು 2,498 ಹೋಗುವ ಸಾಧ್ಯತೆಯಿದೆ. ಹುಡುಗ ತಾಳ್ಮೆಯಿಂದ ಮೆಟ್ಟಿಲ ಮೇಲೆ ಕೂತ. ಅಕ್ಕ ನೀರು ಕೊಟ್ಟಳು. ಏಳೆಂಟು ನಿಮಿಷಕ್ಕೆ 'ಫೇಲ್ಡ್' ಎಂದು ಬದಲಾಗಿ ಹಣ ಖಾತೆಗೆ ಮರಳಿತು. ಅವನು ಹೊಸ ಕೋಡ್ ತೆಗೆದ, ಈ ಸಲ ಅವನ ಫೋನಿನಲ್ಲೂ ಹಸಿರು ಗುರುತು ಬಂತು.

ಎಲ್ಲರಿಗೂ ಇಷ್ಟು ಬೇಗ ಮರಳುವುದಿಲ್ಲ. ಖಾತೆಯಿಂದ ಕಡಿತವಾಗಿ ವ್ಯಾಪಾರಿಗೆ ಖಾತರಿ ಸಿಗದ ಯುಪಿಐ ಪಾವತಿಯನ್ನು ಅದರ ಮರುದಿನದಿಂದ 5 ದಿನದೊಳಗೆ ತಾನಾಗಿ ಹಿಂದಿರುಗಿಸಬೇಕೆಂದು ರಿಸರ್ವ್ ಬ್ಯಾಂಕ್ 2019ರಲ್ಲಿ ಆದೇಶಿಸಿದೆ. ತಡವಾದ ಪ್ರತಿ ದಿನಕ್ಕೆ 100 ರೂಪಾಯಿ ಪರಿಹಾರವಾಗಿ ಗ್ರಾಹಕರಿಗೆ ಸಲ್ಲಬೇಕು. ಬ್ಯಾಂಕಿಗೆ ದೂರು ಕೊಡುವಾಗ ಆ ಪಾವತಿಯ 12 ಅಂಕಿಯ ಯುಟಿಆರ್ ಸಂಖ್ಯೆ ಬೇಕಾಗುತ್ತದೆ. ನಿಮ್ಮ ಆ್ಯಪಿನ ಹಿಸ್ಟರಿಯಲ್ಲೇ ಅದು ಇರುತ್ತದೆ, ಬರೆದಿಟ್ಟುಕೊಳ್ಳಿ.