ಬಣ್ಣ ಹಚ್ಚಿರಿ ಅಂದರೆ ಏನು ಬರೆಯಬೇಕು?

ಮಕ್ಕಳೇ, ನಿಮ್ಮ ಪುಸ್ತಕದಲ್ಲಿ ಯಾವುದಾದರೂ ಪಾಠದ ಕೊನೆಯ ಪುಟ ತೆರೆದು ನೋಡಿ. ‘ಚಿತ್ರ ಬರೆದು ಬಣ್ಣ ತುಂಬಿರಿ’, ‘ಎಲೆಗಳನ್ನು ಸಂಗ್ರಹಿಸಿ ಅಂಟಿಸಿರಿ’, ‘ನಕ್ಷೆಯಲ್ಲಿ ಗುರುತಿಸಿರಿ’ ಎಂದು ಒಂದೆರಡು ಪ್ರಶ್ನೆ ಇದ್ದೇ ಇರುತ್ತವೆ. ನಿಮಗೆ ಅದು ಆಟದ ಹೊತ್ತು. ಕಣ್ಣು ಕಾಣದ ನನ್ನ ಮೊಮ್ಮಗಳಿಗೆ ಆ ಪುಟ ಬಂದರೆ ಬೆರಳು ನಿಂತುಬಿಡುತ್ತದೆ. ಅವಳು ಈಗ ಏಳನೇ ಇಯತ್ತೆ. ಪ್ರಶ್ನೆ ಓದಿ ಹೇಳಿದರೆ ಉತ್ತರ ಪಟಪಟ ಹೇಳುತ್ತಾಳೆ, ಬ್ರೈಲ್‌ನಲ್ಲಿ ಚುಚ್ಚಿ ಬರೆಯುತ್ತಾಳೆ. ಆದರೆ ಚಿತ್ರದ ಪ್ರಶ್ನೆಗಳ ಜಾಗ ಖಾಲಿ ಉಳಿಯುತ್ತಿತ್ತು. ಖಾಲಿ ಜಾಗಕ್ಕೆ ಅಂಕವೂ ಇಲ್ಲ. “ಮುತ್ಯಾ, ನಂಗ ಗೊತ್ತಿದ್ದದ್ದಕ್ಕೂ ಸೊನ್ನೀನೇನು?” ಎಂದು ಒಂದು ದಿನ ಕೇಳಿದಳು. ಅಂದಿನಿಂದ ನಾವಿಬ್ಬರೂ ಸೇರಿ ಇಂಥ ಪ್ರಶ್ನೆಗಳನ್ನು ಮಾತಿನಲ್ಲಿ ಬರೆಯಲು ಕುಳಿತಿದ್ದೇವೆ.

ಇದು ನಾವು ಹುಟ್ಟಿಸಿದ ರಿಯಾಯಿತಿ ಏನಲ್ಲ. ಎಸ್.ಎಸ್.ಎಲ್.ಸಿ. ಸಮಾಜ ವಿಜ್ಞಾನದ ಪ್ರಶ್ನೆಪತ್ರಿಕೆಯಲ್ಲಿ ಭಾರತದ ನಕ್ಷೆ ಬರೆಯುವ ಪ್ರಶ್ನೆಗೆ ಬದಲಾಗಿ ಅಂಧ ಅಭ್ಯರ್ಥಿಗಳಿಗೆಂದೇ ಬರೆದು ಉತ್ತರಿಸುವ ಬೇರೆ ಪ್ರಶ್ನೆ ಅಚ್ಚಾಗಿರುತ್ತದೆ. ಪಾಠ ಮತ್ತು ಪರೀಕ್ಷೆಯನ್ನು ಇಂಥ ಮಕ್ಕಳಿಗೆ ತಕ್ಕಂತೆ ಬದಲಿಸಬೇಕು, ಹೆಚ್ಚು ಸಮಯ ಕೊಡಬೇಕು, ಬರೆದುಕೊಡಲು ಒಬ್ಬರನ್ನು ಒದಗಿಸಬೇಕು ಎಂದು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ ಹೇಳುತ್ತದೆ. ಆದರೆ ಹತ್ತನೇ ಇಯತ್ತೆಯ ಪರೀಕ್ಷೆಗೆ ಮೊದಲು ಏಳೆಂಟು ವರ್ಷ ದಿನದಿನದ ಹೋಮ್‌ವರ್ಕ್ ಇದೆಯಲ್ಲ, ಅಲ್ಲಿ ಬದಲಿ ಪ್ರಶ್ನೆಯನ್ನು ಮನೆಯವರೋ ಗುರುಗಳೋ ಹುಡುಕಬೇಕಾಗುತ್ತದೆ.

ಹುಡುಕುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಇಷ್ಟೇ: ಈ ಪ್ರಶ್ನೆ ಮಗುವಿನಿಂದ ಏನನ್ನು ತಿಳಿಯಬಯಸುತ್ತದೆ? ರಾಷ್ಟ್ರಧ್ವಜ ಬರೆದು ಬಣ್ಣ ತುಂಬಿರಿ ಎಂದರೆ ಕ್ರೆಯಾನ್ ಗೆರೆ ದಾಟದಂತೆ ಹಚ್ಚುವ ಕೈಚಳಕ ಅಲ್ಲಿ ಮುಖ್ಯವಲ್ಲ. ಮೇಲಿನಿಂದ ಕೆಳಗೆ ಕೇಸರಿ, ಬಿಳಿ, ಹಸಿರು. ಮೂರೂ ಪಟ್ಟಿ ಒಂದೇ ಅಗಲ. ಉದ್ದ ಮೂರು ಪಾಲಾದರೆ ಎತ್ತರ ಎರಡು ಪಾಲು. ನಡುವಿನ ಬಿಳಿ ಪಟ್ಟಿಯಲ್ಲಿ ಕಡು ನೀಲಿಯ ಚಕ್ರ, ಅದಕ್ಕೆ 24 ಕಡ್ಡಿ. ಇಷ್ಟು ಬರೆದ ಮಗು ಧ್ವಜವನ್ನು ತಿಳಿದ ಮಗು. ಇಲ್ಲಿ ಬಣ್ಣವನ್ನು ಹೇಳಲೇಬೇಕು, ಯಾಕೆಂದರೆ ಬಣ್ಣವೇ ಉತ್ತರ. ಗುಡಿಸಲ ಚಿತ್ರ ಕೇಳಿದಾಗ ಗೋಡೆಗೆ ಹಳದಿ, ಬಾಗಿಲಿಗೆ ಕೆಂಪು ಎಂದು ಬರೆಸುವುದು ಬರೀ ತುಂಬುಸಾಲು. ಕಾಣದ ಮಗುವಿನ ಬಾಯಲ್ಲಿ ಕಂಡವರ ಮಾತು ತುರುಕಿದ ಹಾಗೆ.

ಕತ್ತರಿಸಿ ಅಂಟಿಸುವ ಪ್ರಶ್ನೆ ಇದಕ್ಕಿಂತ ಸುಲಭ. ಎಲೆ ಅಂಟಿಸಿರಿ ಎಂದಾಗ ನಾನು ಬೇವು, ಅರಳಿ, ಹುಣಸೆ ಮೂರನ್ನೂ ತಂದು ಅವಳ ಮುಂದಿಟ್ಟೆ. ಅವಳು ಮುಟ್ಟಿ ಹೇಳಿದ್ದು ಹೀಗೆ: ಅರಳಿ ಎಲೆ ನುಣುಪು, ತುದಿಗೆ ಉದ್ದ ಬಾಲ. ಬೇವಿನ ಎಲೆಯ ಅಂಚು ಗರಗಸ. ಹುಣಸೆಯದು ಒಂದೇ ಕಡ್ಡಿಗೆ ಎರಡೂ ಕಡೆ ಜೋಡಿ ಜೋಡಿಯಾಗಿ ಕೂತ ಸಣ್ಣ ಎಲೆಗಳ ಸಾಲು. ಅಂಟು ಹಚ್ಚಿದ ಮಕ್ಕಳಲ್ಲಿ ಎಷ್ಟು ಜನ ಬೇವಿನ ಅಂಚನ್ನು ಗಮನಿಸಿರುತ್ತಾರೋ!

ಕಷ್ಟ ಇರುವುದು ನಕ್ಷೆಯಲ್ಲಿ. ‘ನಿಮ್ಮ ಜಿಲ್ಲೆಯ ನಕ್ಷೆ ಬರೆದು ನದಿಗಳನ್ನೂ ತಾಲ್ಲೂಕು ಕೇಂದ್ರಗಳನ್ನೂ ಗುರುತಿಸಿರಿ’ ಎಂಬ ಪ್ರಶ್ನೆಗೆ ಅವಳು ಮೊದಲು ಬರೆಸಿದ ಉತ್ತರ: “ನಮ್ಮ ಜಿಲ್ಲೆ ಯಾದಗಿರಿ. ಇಲ್ಲಿ ಕೃಷ್ಣಾ ಮತ್ತು ಭೀಮಾ ಹರಿಯುತ್ತವೆ. ಯಾದಗಿರಿ, ಶಹಾಪುರ, ಸುರಪುರ, ಗುರುಮಠಕಲ್, ಹುಣಸಗಿ, ವಡಗೇರಾ ತಾಲ್ಲೂಕುಗಳಿವೆ.” ತಪ್ಪೇನೂ ಇಲ್ಲ. ಆದರೆ ಇದು ಹೆಸರುಗಳ ಪಟ್ಟಿ. ಯಾವ ಊರಿಗೆ ಯಾವುದು ಯಾವ ದಿಕ್ಕಿಗಿದೆ, ನದಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎನ್ನುವುದು ಇದರಲ್ಲಿಲ್ಲ. ನಕ್ಷೆ ಕೇಳುವುದು ಅದನ್ನೇ.

ಅದಕ್ಕೆ ನಾವು ಅವಳ ಕೈಯನ್ನೇ ನಕ್ಷೆ ಮಾಡಿಕೊಂಡೆವು. ನೀವೂ ಮಾಡಿ ನೋಡಿ. ಬಲಗೈಯನ್ನು ಮೇಜಿನ ಮೇಲೆ ಅಂಗೈ ಕೆಳಗಾಗಿ ಇಡಿ. ಹಿಂದಿನ ಮೂರು ಬೆರಳು ಮಡಚಿ. ತೋರುಬೆರಳು ಮುಂದಕ್ಕೆ, ತುಸು ಎಡಕ್ಕೆ ವಾಲಿರಲಿ. ಹೆಬ್ಬೆರಳನ್ನು ಎಡಕ್ಕೆ ಚಾಚಿ. ನಿಮ್ಮ ಮುಂದಿನ ದಿಕ್ಕು ಉತ್ತರ, ಎಡಗಡೆ ಪಶ್ಚಿಮ ಎಂದುಕೊಳ್ಳಿ. ತೋರುಬೆರಳು ಭೀಮಾ ನದಿ, ಹೆಬ್ಬೆರಳು ಕೃಷ್ಣಾ ನದಿ. ಎರಡೂ ನದಿ ಬೆರಳ ತುದಿಯಿಂದ ಬುಡದ ಕಡೆಗೆ ಹರಿಯುತ್ತವೆ. ಬೆರಳುಗಳು ಕೂಡುವ ಸಂದಿನಲ್ಲಿ ಸಂಗಮ. ಹೆಬ್ಬೆರಳ ತುದಿಯ ಹತ್ತಿರ ನಾರಾಯಣಪುರದ ಅಣೆಕಟ್ಟು. ಎರಡು ಬೆರಳ ನಡುವಿನ ಜಾಗದಲ್ಲಿ ಶಹಾಪುರ ಮೇಲೆ, ಸುರಪುರ ಅದರ ಕೆಳಗೆ, ಹೆಬ್ಬೆರಳ ಕಡೆಗೆ. ತೋರುಬೆರಳ ಬಲಗಡೆ, ಬೆರಳಿಗೆ ತಾಗಿದಂತೆ ಯಾದಗಿರಿ. ಇನ್ನೂ ಬಲಕ್ಕೆ ಹೋದರೆ ಗುರುಮಠಕಲ್, ಅದರಾಚೆ ತೆಲಂಗಾಣ.

ಕೈಯಲ್ಲಿ ಕೂತದ್ದನ್ನು ಕಾಗದಕ್ಕೆ ತರುವಾಗ ಒಂದು ಕ್ರಮ ಬೇಕು. ಮೊದಲು ದೊಡ್ಡ ಗೆರೆಗಳು, ಅಂದರೆ ನದಿಗಳು. ಆಮೇಲೆ ಆ ಗೆರೆಗಳಿಗೆ ಹೊಂದಿಸಿ ಊರುಗಳು. ಪ್ರತಿ ಊರನ್ನೂ ಮೊದಲೇ ಹೇಳಿದ ಒಂದು ಊರಿಗೋ ನದಿಗೋ ಕಟ್ಟಿಹಾಕಬೇಕು. ‘ಪಕ್ಕದಲ್ಲಿ’, ‘ಹತ್ತಿರ’, ‘ಈ ಕಡೆ’ ಎಂಬ ಮಾತು ಬರೆದ ತಕ್ಷಣ ಓದುವವರ ನಕ್ಷೆ ಕದಡಿಹೋಗುತ್ತದೆ. ಯಾವ ಪಕ್ಕ, ಯಾವ ಕಡೆ ಎಂದು ದಿಕ್ಕಿನ ಹೆಸರು ಹೇಳಲೇಬೇಕು.

ಬರೆದದ್ದು ಸರಿಯಾಗಿದೆಯೋ ಇಲ್ಲವೋ ತಿಳಿಯಲು ನಮ್ಮ ಮನೆಯಲ್ಲಿ ಒಂದು ಪರೀಕ್ಷೆ ಇದೆ. ಪಕ್ಕದ ಮನೆಯ ಐದನೇ ಇಯತ್ತೆ ಹುಡುಗನನ್ನು ಕರೆದು, ನಕ್ಷೆ ತೋರಿಸದೆ, ಅವಳ ಉತ್ತರವನ್ನು ಓದಿ ಹೇಳುತ್ತೇವೆ. ಅವನು ಕೇಳಿದ್ದನ್ನಷ್ಟೇ ಬರೆಯಬೇಕು. ಎರಡನೇ ಸಲದ ಉತ್ತರದಲ್ಲಿ ಅವಳು ‘ಯಾದಗಿರಿ ಭೀಮಾ ನದಿಯ ದಂಡೆಯಲ್ಲಿದೆ’ ಎಂದಿದ್ದಳು. ಹುಡುಗ ಯಾದಗಿರಿಯನ್ನು ಎರಡು ನದಿಗಳ ನಡುವೆ, ಶಹಾಪುರದ ಮಗ್ಗುಲಿಗೇ ಇಟ್ಟುಬಿಟ್ಟ. ಅವನದೇನು ತಪ್ಪು? ನದಿಗೆ ಎರಡು ದಂಡೆ ಇರುತ್ತವೆ.

“ಬಸ್ಸಿನ್ಯಾಗ ಶಹಾಪುರದಿಂದ ಯಾದಗಿರಿಗೆ ಬರುವಾಗ ಏನ್ ದಾಟ್ತೀವಿ ಹೇಳವ್ವ” ಅಂದೆ.

“ಭೀಮಾ ಬ್ರಿಜ್. ಬಸ್ಸಿನ ಸಪ್ಪಳ ಬದಲಾಗ್ತದ. ಗಾಳಿನೂ ತಣ್ಣಗ ಬರ್ತದ.”

“ಶಹಾಪುರದಿಂದ ಸುರಪುರಕ್ಕ ಹೋಗುವಾಗ?”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಇಲ್ಲ. ದೊಡ್ಡ ಬ್ರಿಜ್ ಬರೋದು ಸುರಪುರ ದಾಟಿದ ಮ್ಯಾಲ, ತಿಂಥಣಿಯಾಗ.”

ಅವಳ ಹತ್ತಿರ ನಕ್ಷೆ ಆಗಲೇ ಇತ್ತು, ಕಿವಿಯಲ್ಲಿ. ಮೂರನೇ ಸಲ ಅವಳು ಬರೆದ ಉತ್ತರವನ್ನು ಇಲ್ಲಿ ಕೊಡುತ್ತೇನೆ:

“ನಮ್ಮ ಜಿಲ್ಲೆಯಲ್ಲಿ ಎರಡು ದೊಡ್ಡ ನದಿಗಳಿವೆ. ಭೀಮಾ ವಾಯವ್ಯದಿಂದ ಬಂದು ಆಗ್ನೇಯಕ್ಕೆ ಹರಿಯುತ್ತದೆ. ಕೃಷ್ಣಾ ಜಿಲ್ಲೆಯ ದಕ್ಷಿಣದ ಅಂಚಿನಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಹರಿಯುತ್ತದೆ. ಆಗ್ನೇಯದ ಮೂಲೆಯಲ್ಲಿ ಎರಡೂ ಕೂಡುತ್ತವೆ. ಶಹಾಪುರ ಮತ್ತು ಸುರಪುರ ಈ ಎರಡು ನದಿಗಳ ನಡುವೆ ಇವೆ. ಶಹಾಪುರದ ದಕ್ಷಿಣಕ್ಕೆ ಸುರಪುರ. ಸುರಪುರದಿಂದ ಇನ್ನೂ ದಕ್ಷಿಣಕ್ಕೆ ಹೋದರೆ ತಿಂಥಣಿಯಲ್ಲಿ ಕೃಷ್ಣಾ ದಾಟಬೇಕು. ಸುರಪುರದ ಪಶ್ಚಿಮಕ್ಕೆ ಹುಣಸಗಿ. ಶಹಾಪುರದಿಂದ ಪೂರ್ವಕ್ಕೆ ಹೋಗಿ ಭೀಮಾ ದಾಟಿದರೆ ಆಚೆ ದಂಡೆಗೆ ಯಾದಗಿರಿ. ಯಾದಗಿರಿಯಿಂದ ಇನ್ನೂ ಪೂರ್ವಕ್ಕೆ ಗುರುಮಠಕಲ್.”

ಈ ಸಲ ಹುಡುಗ ಬರೆದ ನಕ್ಷೆಯನ್ನು ಪುಸ್ತಕದ ನಕ್ಷೆಯ ಮಗ್ಗುಲಿಗೆ ಇಟ್ಟು ನೋಡಿದೆ. ನದಿಗಳು ಸೊಟ್ಟಗಿದ್ದವು, ದೂರಗಳು ಹೆಚ್ಚುಕಡಿಮೆ ಇದ್ದವು, ಆದರೆ ಎಲ್ಲ ಊರೂ ತನ್ನ ತನ್ನ ಜಾಗದಲ್ಲಿತ್ತು. ವಡಗೇರಾ ಬಿಟ್ಟುಹೋಗಿದೆ ಎಂದು ಅವನೇ ಹೇಳಿದ. ಜಿಲ್ಲೆಯ ಗಡಿ ಎಲ್ಲೆಲ್ಲಿ ಒಳಗೆ ಬಾಗುತ್ತದೆ, ಎಲ್ಲಿ ಹೊರಗೆ ಚಾಚುತ್ತದೆ ಎನ್ನುವುದನ್ನು ಮಾತಿನಲ್ಲಿ ಹಿಡಿಯಲು ಆಗುವುದಿಲ್ಲ; ಅದಕ್ಕೆ ದಾರ ಅಂಟಿಸಿದ ಉಬ್ಬು ನಕ್ಷೆಯೇ ಬೇಕು. ಅದನ್ನು ಬರೆಯಲು ಹೋಗಿ ಹತ್ತು ಸಾಲು ಕೆಡಿಸುವುದಕ್ಕಿಂತ ಬಿಡುವುದು ಒಳ್ಳೆಯದು.

ಹಿರಿಯರಿಗೆ ಇನ್ನೊಂದು ಮಾತು. ಮಗು ಹೇಳಿ ನೀವು ಬರೆದುಕೊಡುವಾಗ, ಅದು ಹೇಳಿದ್ದನ್ನಷ್ಟೇ ಬರೆಯಿರಿ. ನನಗೂ ಕೈ ತುರಿಸುತ್ತದೆ, ‘ವಾಯವ್ಯ’ ಎಂಬ ಶಬ್ದ ಅವಳಿಗೆ ನೆನಪಾಗದಿದ್ದಾಗ ನಾನೇ ಸೇರಿಸಿಬಿಡೋಣ ಅನ್ನಿಸುತ್ತದೆ. ಸೇರಿಸಿದರೆ ಪರೀಕ್ಷೆಯ ದಿನ ಬೇರೆ ಯಾರೋ ಬರೆದುಕೊಡಲು ಕೂತಾಗ ಅವಳು ಸುಮ್ಮನಾಗಬೇಕಾಗುತ್ತದೆ.

ಶಹಾಪುರದ ಮಲಗಿದ ಬುದ್ಧನ ಬೆಟ್ಟ ನಿಮಗೆ ಗೊತ್ತಲ್ಲ? ‘ನಿಮ್ಮ ಊರಿನ ಹತ್ತಿರದ ಪ್ರೇಕ್ಷಣೀಯ ಸ್ಥಳದ ಚಿತ್ರ ಬರೆಯಿರಿ’ ಎಂದಾಗ ಅದನ್ನೇ ಆರಿಸಿಕೊಂಡಳು. ಅಲ್ಲಿ ಒಂದು ತೊಡಕಿದೆ. ಗುಡ್ಡದ ಸಾಲು ಮಲಗಿದ ಮನುಷ್ಯನಂತೆ ಕಾಣುವುದು ದೂರದ ಒಂದು ಜಾಗದಲ್ಲಿ ನಿಂತಾಗ ಮಾತ್ರ; ಆ ಜಾಗ ಬಿಟ್ಟರೆ ಅದು ಬರೀ ಗುಡ್ಡ. ಹಾಗಾಗಿ ಇಂಥ ಚಿತ್ರಕ್ಕೆ ‘ದೂರದಿಂದ ನೋಡಿದಾಗ’ ಎಂಬ ಮಾತು ಮೊದಲ ಸಾಲಿನಲ್ಲೇ ಬರಬೇಕು. ಆಕಾರ ತಿಳಿಸಲು ಅವಳನ್ನು ಚಾಪೆಯ ಮೇಲೆ ಅಂಗಾತ ಮಲಗಿಸಿ, ಹಣೆಯಿಂದ ಮೂಗು, ಗದ್ದ, ಕುತ್ತಿಗೆಯ ತಗ್ಗು, ಎದೆಯವರೆಗೆ ಅವಳ ಬೆರಳನ್ನೇ ಎಳೆಸಿದೆ. “ಏರು, ಇಳಿ, ಸಣ್ಣ ಏರು, ದೊಡ್ಡ ತಗ್ಗು, ಆಮ್ಯಾಲ ಅಗಲಾದ ಏರು” ಎಂದು ಎಣಿಸಿ ಅದನ್ನೇ ಬರೆದಳು.

ಈ ವಾರದ ಪ್ರಶ್ನೆ ರಂಗೋಲಿಯದು. ಇದಕ್ಕೆ ನಾನು ಬೇಕಾಗಲಿಲ್ಲ, ಅವಳ ಅಜ್ಜಿಯೇ ಸಾಕು. ಹೆಣ್ಣುಮಕ್ಕಳು ರಂಗೋಲಿಯನ್ನು ಹಿಂದಿನಿಂದಲೂ ಒಬ್ಬರಿಗೊಬ್ಬರು ಬಾಯಲ್ಲೇ ಹೇಳಿಕೊಟ್ಟವರಲ್ಲವೇ? “ನಡುವ ಏಳು ಚುಕ್ಕಿ. ಮ್ಯಾಲ ಕೆಳಗ ಆರಾರು, ಐದೈದು, ನಾಕ್ನಾಕು. ಎರಡು ಚುಕ್ಕಿ ಸಂದಿನ್ಯಾಗ ಒಂದು ಬರಬೇಕು, ನೆಟ್ಟಗ ಮ್ಯಾಲಲ್ಲ.” ಅಷ್ಟು ಹೇಳಿ ಅಜ್ಜಿ ರೊಟ್ಟಿ ತಟ್ಟಲು ಎದ್ದಳು. ಮೊಮ್ಮಗಳು ಹುಣಸೆಬೀಜ ತಂದು ನೆಲದ ಮೇಲೆ ಇಟ್ಟು ನೋಡಿದಳು. ಒಟ್ಟು 37 ಬೀಜ ಬೇಕಾದವು, ಅಂಚಿಗೆ ಬೆರಳಾಡಿಸಿದಾಗ ಆರು ಮೂಲೆ ಸಿಕ್ಕವು. ಅದನ್ನೂ ಉತ್ತರದಲ್ಲಿ ಸೇರಿಸಿದ್ದಾಳೆ.