ವಾರಕ್ಕೆ ನಾಲ್ಕೇ ಗಂಟೆ ಬಿಡುವು: ಸಿನಿಮಾ ನೋಡೋಣವೇ, ಸೀರೀಸ್ ನೋಡೋಣವೇ?

ಮಂಗಳವಾರ ರಾತ್ರಿ ಊಟವಾದ ಮೇಲೆ ಒಂದು ಗಂಟೆ, ಗುರುವಾರ ಇನ್ನೊಂದು ಗಂಟೆ, ಭಾನುವಾರ ಮಧ್ಯಾಹ್ನ ಎರಡು ಗಂಟೆ. ಕೆಲಸಕ್ಕೂ ಹೋಗಿ ಮನೆಯನ್ನೂ ನೋಡಿಕೊಳ್ಳುವವರಿಗೆ ವಾರದಲ್ಲಿ ಸಿಗುವ ಬಿಡುವು ಹೆಚ್ಚುಕಡಿಮೆ ಇಷ್ಟೇ. ಇದರಲ್ಲಿ ಏನು ನೋಡುವುದು? ನಾವು ಸಾಮಾನ್ಯವಾಗಿ ಒಟ್ಟು ಗಂಟೆಗಳನ್ನಷ್ಟೇ ಲೆಕ್ಕ ಹಾಕುತ್ತೇವೆ. ಆದರೆ ಆ ಗಂಟೆಗಳು ಒಂದೇ ಕಡೆ ಸಿಗುತ್ತವೆಯೋ ತುಂಡುತುಂಡಾಗಿ ಸಿಗುತ್ತವೆಯೋ ಎಂಬುದನ್ನು ಮೊದಲು ನೋಡಬೇಕು. ಆಮೇಲೆ, ನೋಡಲು ಹೊರಟ ಕಥೆ ಎಲ್ಲೆಲ್ಲಿ ನಿಲ್ಲುತ್ತದೆ ಎಂದು ನೋಡಬೇಕು. ಎರಡೂ ಹೊಂದಿದರೆ ಆಯ್ಕೆ ಸರಿಯಾದಂತೆ.

ಮೊದಲು ಒಂದು ಹೊಂದದ ಉದಾಹರಣೆ. 2019ರ ‘ಚೆರ್ನೋಬಿಲ್’ ಸೀರೀಸಿನಲ್ಲಿ ಇರುವುದು ಐದೇ ಕಂತು. ಐದು ತಾನೆ ಎಂದು ಮಂಗಳವಾರ ಶುರು ಮಾಡಿಬಿಡುತ್ತೇವೆ. ಆದರೆ ಪ್ರತಿ ಕಂತೂ ಒಂದು ಗಂಟೆಗೆ ಕಡಿಮೆಯಿಲ್ಲ. ಒಟ್ಟು ಸುಮಾರು ಐದೂವರೆ ಗಂಟೆ. ಭಾನುವಾರ ಸಂಜೆಯ ಹೊತ್ತಿಗೆ ಮೂರು ಕಂತು ಮುಗಿದು ನಾಲ್ಕನೆಯದರ ನಡುವೆ ಇರುತ್ತೇವೆ. ಅಣುಸ್ಥಾವರ ಸಿಡಿಯುವುದು ಮೊದಲ ಕಂತಿನಲ್ಲಿ. ಅದು ಯಾಕೆ ಸಿಡಿಯಿತು ಎಂಬುದು ಪೂರ್ತಿ ಬಿಡಿಸಿಕೊಳ್ಳುವುದು ಕೊನೆಯ ಕಂತಿನ ನ್ಯಾಯಾಲಯದಲ್ಲಿ. ನಡುವೆ ನಿಲ್ಲಿಸಿದವರಿಗೆ ಭಯ ಸಿಗುತ್ತದೆ, ಕಾರಣ ಸಿಗುವುದಿಲ್ಲ. ಮುಂದಿನ ವಾರ ಮತ್ತೆ ಕೂತಾಗ ಯಾವ ಅಧಿಕಾರಿ ಯಾರು, ಯಾರು ಯಾರಿಗೆ ಏನು ಹೇಳಿದ್ದರು ಎಂದು ನೆನಪಿಸಿಕೊಳ್ಳಲೇ ಸಮಯ ಹೋಗುತ್ತದೆ.

ಇದೇ ನಾಲ್ಕು ಗಂಟೆಗೆ 2025ರ ಬ್ರಿಟಿಷ್ ಸೀರೀಸ್ ‘ಅಡಾಲಸೆನ್ಸ್’ ಅಳತೆ ಮಾಡಿ ಹೊಲಿದಂತಿದೆ. ಸುಮಾರು ಒಂದೊಂದು ಗಂಟೆಯ ನಾಲ್ಕು ಕಂತು. ಹದಿಮೂರು ವರ್ಷದ ಹುಡುಗನೊಬ್ಬನನ್ನು ಕೊಲೆ ಆರೋಪದ ಮೇಲೆ ಪೊಲೀಸರು ಹಿಡಿಯುವಲ್ಲಿಂದ ಕಥೆ ಶುರು. ಎರಡನೆಯ ಕಂತು ನಡೆಯುವುದು ಮೂರು ದಿನದ ನಂತರ, ಮೂರನೆಯದು ಏಳು ತಿಂಗಳ ನಂತರ, ನಾಲ್ಕನೆಯದು ಹದಿಮೂರು ತಿಂಗಳ ನಂತರ. ಕಂತುಗಳ ನಡುವೆ ಕಥೆಯೇ ಬಿಡುವು ಕೊಡುವುದರಿಂದ ನಾವು ಎರಡು ದಿನ ಬಿಟ್ಟು ನೋಡಿದರೆ ಏನೂ ಕೆಡುವುದಿಲ್ಲ. ಆದರೆ ಪ್ರತಿ ಕಂತನ್ನೂ ಎಲ್ಲೂ ಕತ್ತರಿಸದೆ ಒಂದೇ ಶಾಟ್‌ನಲ್ಲಿ ಚಿತ್ರಿಸಿದ್ದಾರೆ. ಹಾಗಾಗಿ ಒಂದು ಗಂಟೆ ಪೂರ್ತಿ ಸಿಗುವ ದಿನವೇ ಕೂರಬೇಕು. ಅರ್ಧಕ್ಕೆ ನಿಲ್ಲಿಸಿದರೆ ಕಟ್ಟಿಕೊಂಡು ಬಂದ ಬಿಗಿ ಸಡಿಲವಾಗುತ್ತದೆ.

ಸಿನಿಮಾದ ಲೆಕ್ಕ ಬೇರೆ. ರಾಮ್ ರೆಡ್ಡಿ ಅವರ ‘ತಿಥಿ’ ಸುಮಾರು ಎರಡು ಗಂಟೆಯದು. ಮಂಡ್ಯದ ಹಳ್ಳಿಯಲ್ಲಿ ಸೆಂಚುರಿ ಗೌಡ ತೀರಿಕೊಂಡ ದಿನದಿಂದ ಹನ್ನೊಂದನೆಯ ದಿನದ ತಿಥಿಯವರೆಗೆ ಕಥೆ ನಡೆಯುತ್ತದೆ. ಮಗ, ಮೊಮ್ಮಗ, ಮರಿಮಗ ಮೂವರದ್ದೂ ಬೇರೆ ಬೇರೆ ದಾರಿ, ಎಲ್ಲ ದಾರಿಯೂ ಬಂದು ಸೇರುವುದು ಆ ತಿಥಿಯ ದಿನಕ್ಕೆ. ಭಾನುವಾರದ ಎರಡು ಗಂಟೆಯನ್ನು ಇದಕ್ಕೆ ಕೊಟ್ಟರೆ ಸಂಜೆಯ ಹೊತ್ತಿಗೆ ಒಂದು ಕಥೆ ಪೂರ್ತಿ ನಮ್ಮದಾಗಿರುತ್ತದೆ.

ಬಿಡುವು ಎರಡು ಗಂಟೆ, ಸಿನಿಮಾ ಎರಡೂವರೆ ಗಂಟೆ ಎಂದಾದರೆ? ನಮ್ಮ ಸಿನಿಮಾಗಳಲ್ಲಿ ಅದಕ್ಕೂ ದಾರಿಯಿದೆ. ‘ಕಾಂತಾರ’ದಂಥ ಚಿತ್ರಗಳು ಥಿಯೇಟರಿನ ಇಂಟರ್ವಲ್ ಇಟ್ಟುಕೊಂಡೇ ಕಟ್ಟಿದವು, ಅಲ್ಲಿ ಕಥೆ ಒಂದು ತಿರುವು ತಗೊಂಡು ನಿಲ್ಲುತ್ತದೆ. ಒಂದು ಭಾಗ ಇವತ್ತು, ಇನ್ನೊಂದು ನಾಳೆ ನೋಡಬಹುದು. ‘12 ಆಂಗ್ರಿ ಮೆನ್’ಗೆ ಇದು ಸಲ್ಲದು. 1957ರ ಈ ಅಮೆರಿಕನ್ ಚಿತ್ರ ಸುಮಾರು ಒಂದೂವರೆ ಗಂಟೆಯದು. ಹನ್ನೆರಡು ಜನ ಒಂದೇ ಕೋಣೆಯಲ್ಲಿ ಬೆವರುತ್ತಾ ವಾದ ಮಾಡುತ್ತಾರೆ. ಆ ಸೆಕೆ ನಮಗೂ ತಟ್ಟಬೇಕಾದರೆ ಎದ್ದು ಹೋಗಬಾರದು.

ಇನ್ನು ಅರ್ಧ ಗಂಟೆಯಷ್ಟೇ ಸಿಗುವ ರಾತ್ರಿಗಳು. ಅದಕ್ಕೆ ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ ಇದೆ. ಆರ್. ಕೆ. ನಾರಾಯಣ್ ಅವರ ಕಥೆಗಳಲ್ಲಿ ಬಹಳಷ್ಟು ಅಲ್ಲಿ ಒಂದೊಂದು ಕಂತಿನಲ್ಲೇ ಮುಗಿಯುತ್ತವೆ. ಸ್ವಾಮಿಯ ಕಥೆಯಂಥ ಕೆಲವು ಮಾತ್ರ ಹಲವು ಕಂತಿಗೆ ಹರಿಯುತ್ತವೆ. ಅವನ್ನು ಬೇರೆ ವಾರಕ್ಕಿಡಿ.

ಹೊಸ ಸೀರೀಸ್ ಕೈಗೆತ್ತಿಕೊಳ್ಳುವ ಮುನ್ನ ಎಷ್ಟು ಕಂತು, ಒಂದೊಂದು ಎಷ್ಟು ನಿಮಿಷ, ಎರಡನೆಯ ಸೀಸನ್ ಇದೆಯೇ ಎಂದು ನೋಡಿ. ಎರಡನೆಯ ಸೀಸನ್ ಇದ್ದರೆ ಮೊದಲನೆಯದು ಕಥೆಯನ್ನು ಮುಗಿಸದೆ ಬಿಟ್ಟಿರಬಹುದು. ಮೊದಲ ಕಂತಿನ ಕೊನೆಯನ್ನೂ ಗಮನಿಸಿ. ಹೊಸ ಪ್ರಶ್ನೆಯೊಂದನ್ನು ಎಸೆದು ತಟ್ಟನೆ ನಿಂತರೆ, ಮುಂದಿನ ಕಂತುಗಳೂ ಹಾಗೆಯೇ ನಿಲ್ಲುವ ಸಂಭವ ಹೆಚ್ಚು. ಅಂಥದ್ದಕ್ಕೆ ಒಂದು ಗಂಟೆಗೆಂದು ಕೂತವರು ನಿದ್ದೆಗೆಟ್ಟು ಮೂರು ಗಂಟೆ ಕೊಡುತ್ತಾರೆ. ಮುಂದಿನ ಕಂತು ತಾನಾಗಿಯೇ ಶುರುವಾಗುವುದನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿಟ್ಟರೆ ಎದ್ದು ಹೋಗುವುದು ಸುಲಭ.

ಈ ವಾರ ಭಾನುವಾರದ ಎರಡು ಗಂಟೆ ಮಾತ್ರ ಗಟ್ಟಿಯಾಗಿ ಸಿಕ್ಕರೆ ‘ತಿಥಿ’ ನೋಡಿ. ನಾಲ್ಕು ಗಂಟೆಯೂ ಸಿಗುವುದು ಖಚಿತವಿದ್ದರೆ ‘ಅಡಾಲಸೆನ್ಸ್’ ನೋಡಿ. ‘ಚೆರ್ನೋಬಿಲ್’ ಅನ್ನು ಮೂರು ದಿನ ರಜೆ ಒಟ್ಟಿಗೆ ಬರುವವರೆಗೆ ಎತ್ತಿಡಿ.